ಮೇಘನಾ ವೀನ್ ಯಾರು? ಮದುವೆ ಹ್ಯಾಶ್‌ಟ್ಯಾಗ್ ಒಡೆಯುವ ಜಾಗ

ಮದುವೆಯ ಆಮಂತ್ರಣ ಪತ್ರಿಕೆ, ಬೋರ್ಡು ವಿನ್ಯಾಸ ಮಾಡುವುದು ನನ್ನ ಕೆಲಸ. ಈಗ ಅದರ ಜೊತೆಗೇ ಒಂದು ಹ್ಯಾಶ್‌ಟ್ಯಾಗ್ ಕೂಡ ಬೇಕು ಅನ್ನುತ್ತಾರೆ. ಬಂದವರು ಹಾಕುವ ಫೋಟೋಗಳೆಲ್ಲ ಒಂದೇ ಕಡೆ ಸಿಗಲಿ ಅನ್ನುವ ಆಸೆ. ಹೆಚ್ಚಿನವರು ಎರಡು ಹೆಸರನ್ನು ಅಂಟಿಸಿ ತಂದು ಕೊಡುತ್ತಾರೆ. ನಾನು ಮೊದಲು ನೋಡುವುದು ಆ ಅಂಟು ಬಿದ್ದ ಜಾಗವನ್ನೇ.

ಹುಡುಗಿ ಮೇಘಾ, ಹುಡುಗ ನವೀನ್ ಅಂತ ಇಟ್ಟುಕೊಳ್ಳೋಣ. ಅವರು ತಂದ ಟ್ಯಾಗ್ ಹೀಗಿತ್ತು: #MeghaNaveen. ಎಂ ಮತ್ತು ಎನ್ ದೊಡ್ಡ ಅಕ್ಷರದಲ್ಲಿವೆ, ಚೆನ್ನಾಗಿಯೇ ಕಾಣುತ್ತದೆ. ಆದರೆ ಫೋನಿನಲ್ಲಿ ಹೀಗೆ ದೊಡ್ಡದು ಚಿಕ್ಕದು ನೋಡಿ ಟೈಪ್ ಮಾಡುವವರು ಎಷ್ಟು ಜನ? ಹುಡುಕುವಾಗ ಆ್ಯಪ್ ಕೂಡ ಎರಡಕ್ಕೂ ವ್ಯತ್ಯಾಸ ಮಾಡುವುದಿಲ್ಲ. ಪೂರ್ತಿ ಚಿಕ್ಕಕ್ಷರದಲ್ಲಿ ಬರೆದು ನೋಡಿ: #meghanaveen. ಈಗ ಹೆಸರು ಗೊತ್ತಿಲ್ಲದವರು ‘ಮೇಘನಾ ವೀನ್’ ಅಂತ ಓದುತ್ತಾರೆ. ಮೇಘನಾ ಅನ್ನುವುದು ನಿಜವಾದ ಹೆಸರೇ ಆಗಿರುವುದರಿಂದ ಕಣ್ಣು ಅಲ್ಲಿಗೇ ಹೋಗಿ ನಿಲ್ಲುತ್ತದೆ. ವೀನ್ ಯಾರೋ ಪರದೇಶದ ಹುಡುಗ ಇರಬೇಕು ಅಂದುಕೊಳ್ಳುತ್ತಾರೆ.

ಇದು ನಮ್ಮ ಮನೆಯ ಮದುವೆಗಷ್ಟೇ ಆಗುವ ತೊಂದರೆ ಅಲ್ಲ. 2013ರಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ತೀರಿಕೊಂಡಾಗ #nowthatchersdead ಅನ್ನುವ ಟ್ಯಾಗ್ ಓಡಾಡಿತು. ಬರೆದವರ ಮನಸ್ಸಿನಲ್ಲಿ ಇದ್ದದ್ದು ಥ್ಯಾಚರ್. ಆದರೆ ಕೆಲವರು ಅದನ್ನು ಬೇರೆ ಕಡೆ ಒಡೆದು ಓದಿ, ಗಾಯಕಿ ಶೆರ್ ಸತ್ತೇಹೋದರು ಅಂದುಕೊಂಡರು. ಒಂದೇ ಅಕ್ಷರಸಾಲು, ಎರಡು ಸಾವು.

ನಮ್ಮ ಹೆಸರುಗಳಲ್ಲಿ ಈ ಅಪಾಯ ಸ್ವಲ್ಪ ಜಾಸ್ತಿ. ಹುಡುಗಿಯರ ಹೆಸರು ಬಹಳಷ್ಟು ‘a’ಯಲ್ಲಿ ಮುಗಿಯುತ್ತವೆ. ಮುಂದಿನ ಹೆಸರಿನ ಮೊದಲ ಅಕ್ಷರ ಅದಕ್ಕೆ ಅಂಟಿಕೊಂಡು ಹೊಸ ಹೆಸರೇ ಹುಟ್ಟಿಬಿಡುತ್ತದೆ. ಉಷಾ, ಅರುಣ್ ಸೇರಿದರೆ #ushaarun. ಇದನ್ನು ಇಂಗ್ಲಿಷ್ ಕಣ್ಣಿನವರು ‘ಉಷಾ ರನ್’ ಅಂತ ಓದಿ, ಉಷಾ ಎಲ್ಲಿಗೆ ಓಡುತ್ತಿದ್ದಾಳೆ ಅಂತ ಕೇಳಬಹುದು. ಟೈಪ್ ಮಾಡುವವರೂ ಒಂದು ‘a’ ನುಂಗಿ #usharun ಮಾಡುತ್ತಾರೆ. ಶಾಲೆಯಲ್ಲಿ ಕಲಿತ ಲೋಪಸಂಧಿ ಇಲ್ಲಿ ಯಾರೂ ಹೇಳದೆಯೇ ನಡೆದುಹೋಗುತ್ತದೆ. ಅನಿಲ್, ಲತಾ ಸೇರಿದಾಗಲೂ ಇದೇ ಕಥೆ. ನಡುವೆ ಎರಡು ‘l’ ಬೀಳುತ್ತವೆ, ಅರ್ಧ ಜನ ಒಂದನ್ನು ಬಿಡುತ್ತಾರೆ. ಬಿಟ್ಟವರ ಫೋಟೋ ಬೇರೆ ಟ್ಯಾಗಿನ ಕೆಳಗೆ ಹೋಗಿ ಕೂರುತ್ತದೆ. ಶಿವ, ರಾಣಿ ಸೇರಿದರಂತೂ #shivarani. ಓದುವುದಕ್ಕೇನೂ ಕಷ್ಟವಿಲ್ಲ, ಆದರೆ ಗಂಡೇ ಮಾಯ! ಒಬ್ಬಳೇ ಹೆಣ್ಣುಮಗಳ ಹುಟ್ಟುಹಬ್ಬದ ಟ್ಯಾಗ್ ಇದ್ದಂತೆ ಇರುತ್ತದೆ.

ಹಾಗಾದರೆ ಮೇಘಾ, ನವೀನ್‌ಗೆ ಏನು ಮಾಡುವುದು? ಮೊದಲ ಉಪಾಯ ಖರ್ಚಿಲ್ಲದ್ದು. ಹೆಸರು ಹಿಂದುಮುಂದು ಮಾಡಿ ನೋಡುವುದು. #naveenmegha. ‘n’ ಮುಗಿದು ‘m’ ಶುರು. ಕನ್ನಡದವರು ಇದನ್ನು ಬೇರೆ ಎಲ್ಲಿಯೂ ಒಡೆಯಲು ಆಗುವುದಿಲ್ಲ. ಒಂದು ವ್ಯಂಜನದ ಪಕ್ಕ ಇನ್ನೊಂದು ಬೇರೆ ವ್ಯಂಜನ ಬಂದರೆ ಗೋಡೆ ಕಟ್ಟಿದ ಹಾಗೆ. ಸ್ವರದ ಪಕ್ಕ ವ್ಯಂಜನ ಬಂದರೆ ಬಾಗಿಲು ತೆರೆದ ಹಾಗೆ. ಎಲ್ಲ ಸಲವೂ ಹೀಗೇ ಅಂತಲ್ಲ. ಆದರೆ ನನ್ನ ಕೈಗೆ ಬರುವ ಬಹುಪಾಲು ಜೋಡಿಗಳು ಇಷ್ಟರಲ್ಲೇ ಸರಿಹೋಗುತ್ತವೆ. ಯಾರ ಹೆಸರು ಮೊದಲು ಅನ್ನುವ ವಿಷಯಕ್ಕೆ ಎರಡೂ ಮನೆಯವರು ಮುಖ ಊದಿಸಿಕೊಳ್ಳುವುದುಂಟು. ಆಗ ಎರಡನ್ನೂ ಚಿಕ್ಕಕ್ಷರದಲ್ಲಿ ಬರೆದು ಮುಂದಿಡುತ್ತೇನೆ, ಜಗಳ ಅಲ್ಲಿಗೇ ಮುಗಿಯುತ್ತದೆ.

ಎರಡು ಕಡೆಯಿಂದಲೂ ಒಡೆಯುತ್ತಿದ್ದರೆ ನಡುವೆ ಒಂದು ಪದ ಬೇಕು. ಬೋರ್ಡಿನಲ್ಲಿ ಎಲ್ಲರೂ ನೋಡಿರುವ ‘weds’ ಸಾಕು. ಅದರ ಸ್ಪೆಲ್ಲಿಂಗ್ ಒಂದೇ. ‘maduve’ ಹಾಕಿದರೆ ಒಬ್ಬರು maduve, ಇನ್ನೊಬ್ಬರು madve, ಮತ್ತೊಬ್ಬರು maduwe. ನಾನು ಕನ್ನಡದ ಅಭಿಮಾನಿಯೇ. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಪದ ಟ್ಯಾಗಿನಲ್ಲಿ ಸೋರುತ್ತದೆ. #naveenwedsmegha ಅಂದರೆ 15 ಅಕ್ಷರ. ಇದಕ್ಕಿಂತ ಉದ್ದವಾದರೆ ಜನ ನೆನಪಿಟ್ಟುಕೊಳ್ಳುವುದಿಲ್ಲ, ನೋಡಿಕೊಂಡು ಬರೆಯುವ ತಾಳ್ಮೆಯೂ ಇರುವುದಿಲ್ಲ. ನಡುವೆ ‘&’, ಚುಕ್ಕಿ, ಅಡ್ಡಗೆರೆ ಹಾಕಬೇಡಿ. ಟ್ಯಾಗ್ ಅಲ್ಲಿಗೇ ತುಂಡಾಗಿ #naveen ಒಂದೇ ಉಳಿಯುತ್ತದೆ. ಅಂಡರ್‌ಸ್ಕೋರ್ ನಡೆಯುತ್ತದೆ. ಆದರೆ ಅದು ಫೋನಿನ ಕೀಬೋರ್ಡಿನಲ್ಲಿ ಎಲ್ಲಿದೆ ಅಂತ ಎಷ್ಟೋ ಜನ ಹುಡುಕಬೇಕು, ಹಾಗಾಗಿ ನಾನು ಹಾಕುವುದಿಲ್ಲ.

ಕನ್ನಡ ಲಿಪಿಯಲ್ಲೇ ಬೇಕು ಅನ್ನುವವರೂ ಇದ್ದಾರೆ, ಸಂತೋಷ. ಅಲ್ಲಿ ಅಂಟು ಬೇರೆ ಥರ. ನವೀನ್ ಆದ ಮೇಲೆ ಮೇಘಾ ಬರೆದರೆ ಅರ್ಧಾಕ್ಷರ ಮುಂದಿನದಕ್ಕೆ ಹತ್ತಿ ‘ನವೀನ್ಮೇಘಾ’ ಆಗುತ್ತದೆ. ಹತ್ತಬಾರದು ಅಂದರೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು. ರಾಜ್‌ಕುಮಾರ್ ಅಂತ ಬಿಡಿಸಿ ಬರೆಯುವಾಗ ಹಾಕುತ್ತೇವಲ್ಲ, ಅದೇ. ಕಾಣದಿದ್ದರೂ ಅದೂ ಒಂದು ಅಕ್ಷರವೇ. ಒಬ್ಬರು ಹಾಕಿ, ಇನ್ನೊಬ್ಬರು ಹಾಕದೆ ಬರೆದರೆ ಅವು ಎರಡು ಬೇರೆ ಬರಹಗಳು. ಆ ಗುರುತು ಎಲ್ಲಿದೆ ಅಂತ ಮದುವೆಗೆ ಬಂದವರನ್ನು ಹುಡುಕಲು ಕೂರಿಸುವುದು ತರವಲ್ಲ. ಅದಕ್ಕೆ ಅರ್ಧಾಕ್ಷರದ ಹೆಸರನ್ನು ಕೊನೆಗೆ ತಳ್ಳುತ್ತೇನೆ: #ಮೇಘಾಜೊತೆನವೀನ್. ಇಂಗ್ಲಿಷಿನಲ್ಲಿ ನವೀನ್ ಮೊದಲು, ಕನ್ನಡದಲ್ಲಿ ಮೇಘಾ ಮೊದಲು. ಎರಡು ಮನೆಯವರಿಗೂ ನ್ಯಾಯ ಸಿಕ್ಕಿತು ಅಲ್ವಾ! ಆದರೆ ಎರಡನ್ನೂ ಇಡಬೇಡಿ. ಫೋಟೋ ಎರಡು ಕಡೆ ಹಂಚಿಹೋಗುತ್ತವೆ.

ಅಚ್ಚಿಗೆ ಹೋಗುವ ಮುಂಚೆ ಎರಡು ಪರೀಕ್ಷೆ ಮಾಡುತ್ತೇನೆ. ಮೊದಲನೆಯದು, ಟ್ಯಾಗನ್ನು ಚಿಕ್ಕಕ್ಷರದಲ್ಲಿ ಬರೆದು, ಆ ಜೋಡಿಯ ಹೆಸರೇ ಗೊತ್ತಿಲ್ಲದವರ ಕೈಗೆ ಕೊಟ್ಟು ಜೋರಾಗಿ ಓದಿಸುವುದು. ಮನೆಯವರ ಕೈಲಿ ಓದಿಸಿದರೆ ಪ್ರಯೋಜನವಿಲ್ಲ, ಅವರಿಗೆ ಉತ್ತರ ಮೊದಲೇ ಗೊತ್ತು. ಎರಡು ಕ್ಷಣ ತಡವರಿಸಿದರೂ ಆ ಟ್ಯಾಗ್ ಬಿದ್ದುಹೋಯಿತು ಅಂತಲೇ ಲೆಕ್ಕ. ಎರಡನೆಯದು ಇನ್ನೂ ಕಠಿಣ. ಫೋನಿನಲ್ಲಿ ಬಾಯಿಮಾತಿನಲ್ಲಿ ಹೇಳಿ, ಮೂರು ನಾಲ್ಕು ಜನರಿಂದ ಟೈಪ್ ಮಾಡಿಸಿ ಕಳಿಸಿಕೊಳ್ಳುವುದು. ನವೀನ್ ಹೆಸರು ಇಲ್ಲಿ ಸಿಕ್ಕಿಬಿತ್ತು. ಇಬ್ಬರು naveen, ಇಬ್ಬರು navin. ಹೆಸರನ್ನೇ ಬದಲಿಸುವುದಕ್ಕೆ ಆಗುವುದಿಲ್ಲವಲ್ಲ! ಅದಕ್ಕೆ ಟ್ಯಾಗನ್ನು ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಚಿತ್ರವಾಗಿ ಅಲ್ಲ, ಅಕ್ಷರವಾಗಿ ಕಳಿಸಲು ಹೇಳಿದೆ. ಒತ್ತಿ ಹಿಡಿದು ಕಾಪಿ ಮಾಡಿಕೊಂಡರೆ ಸ್ಪೆಲ್ಲಿಂಗಿನ ಪ್ರಶ್ನೆಯೇ ಬರುವುದಿಲ್ಲ.

ಬೋರ್ಡಿನಲ್ಲಿ ಮಾತ್ರ ದೊಡ್ಡಕ್ಷರ ಬಿಡಬಾರದು: #NaveenWedsMegha. ಓದುವುದಕ್ಕೆ ಸುಲಭ. ಕಣ್ಣು ಕಾಣದವರ ಫೋನು ಓದಿ ಹೇಳುವಾಗಲೂ ಪದಗಳನ್ನು ಬಿಡಿಸಿ ಹೇಳಲು ಇದು ನೆರವಾಗುತ್ತದೆ. ಬಳ್ಳಿ ಥರ ಸುತ್ತಿಕೊಂಡ ಅಕ್ಷರಶೈಲಿ ಟ್ಯಾಗಿಗೆ ಬೇಡ. ಅದನ್ನು ಹೆಸರಿಗೆ ಇಟ್ಟುಕೊಳ್ಳಿ.

ಆಮೇಲೆ ಅದನ್ನು ಆ್ಯಪ್‌ಗಳಲ್ಲಿ ಹುಡುಕಿ ನೋಡಿ. ಟ್ಯಾಗ್ ಯಾರ ಸ್ವತ್ತೂ ಅಲ್ಲ. ನವೀನ್, ಮೇಘಾ ಥರದ ಹೆಸರಿಗೆ ಬೇರೆ ಯಾರದೋ ಮದುವೆಯ ಫೋಟೋ ಆಗಲೇ ಇರಬಹುದು. ಇದ್ದರೆ ಕೊನೆಯಲ್ಲಿ ವರ್ಷದ ಕೊನೆಯ ಎರಡು ಅಂಕಿ ಸೇರಿಸಿ. ಅಕ್ಷರ ಮುಗಿದು ಅಂಕಿ ಬಂದರೆ ಅಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ. ಹಾಕಲು ಮರೆತವರ ಫೋಟೋ ಮಾತ್ರ ಆ ಇನ್ನೊಂದು ಜೋಡಿಯ ಜೊತೆ ಸೇರಿಕೊಳ್ಳುತ್ತದೆ. ಇನ್ನು ಖಾತೆಗೆ ಬೀಗ ಹಾಕಿಕೊಂಡವರ ಫೋಟೋ, ಟ್ಯಾಗ್ ಎಷ್ಟೇ ಸರಿಯಿದ್ದರೂ ಅವರ ಸ್ನೇಹಿತರ ಪಟ್ಟಿಯಲ್ಲಿ ಇಲ್ಲದವರಿಗೆ ಕಾಣುವುದಿಲ್ಲ. ಮೇಘಾಳ ಚಿಕ್ಕಮ್ಮನ ಖಾತೆ ಹಾಗಿತ್ತು. ಅವರ ಹತ್ತಿರ ಇದ್ದ ಫೋಟೋಗಳನ್ನು ಕೊನೆಗೆ ಕೇಳಿ ತರಿಸಿಕೊಳ್ಳಬೇಕಾಯಿತು.