ಸಪ್ಲೈಯರ್ ಕಳಿಸಿದ ವಿವರಣೆ ನಮ್ಮದಾಗುವುದು ಹೇಗೆ: ಹಾಳೆ ತಟ್ಟೆಯ ಒಂದು ಲಿಸ್ಟಿಂಗ್

ಆನ್‌ಲೈನ್‌ನಲ್ಲಿ ಮಾರುವವರ ಆದಿತ್ಯವಾರದ ಕ್ಲಾಸಲ್ಲಿ, ಸಪ್ಲೈಯರ್ ಕಳಿಸಿದ ವಿವರಣೆಯನ್ನು ನಮ್ಮ ಮಾತಲ್ಲಿ ಬರೆಯುವುದು ಹೇಗೆ ಅನ್ನುವ ವಿಷಯ ಅರ್ಧಕ್ಕೆ ನಿಂತಿತ್ತು, ಹಾಗೆ ನನ್ನ ನೋಟ್ಸನ್ನೇ ಸ್ವಲ್ಪ ಬಿಡಿಸಿ ಬರೀತಾ ಇದ್ದೇನೆ. ಉದಾಹರಣೆಗೆ ನಾನು ಕಾಸರಗೋಡಿನ ಪೆರ್ಲದಲ್ಲಿ ಕೂತು ಆನ್‌ಲೈನ್‌ನಲ್ಲಿ ಮಾರುವ ಅಡಿಕೆ ಹಾಳೆಯ ತಟ್ಟೆಯನ್ನೇ ತಗೊಂಡಿದ್ದೇನೆ, ಯಾಕಂದ್ರೆ ಅದರಲ್ಲಿ ನಾನೇ ಎರಡು ಸಲ ಎಡವಿದ್ದು.

ಸಪ್ಲೈಯರ್ ವಾಟ್ಸಾಪಲ್ಲಿ ಫೋಟೋ ಜೊತೆ ಕಳಿಸಿದ ವಿವರಣೆ ಹೀಗಿತ್ತು (ಇಂಗ್ಲಿಷಲ್ಲಿ ಇದ್ದದ್ದು): "ಹಂಡ್ರೆಡ್ ಪರ್ಸೆಂಟ್ ನ್ಯಾಚುರಲ್ ಪಾಮ್ ಲೀಫ್ ಪ್ಲೇಟ್, 10 ಇಂಚು, ಇಕೋ ಫ್ರೆಂಡ್ಲಿ, ಕೆಮಿಕಲ್ ಫ್ರೀ, ಲೀಕ್ ಪ್ರೂಫ್, ಮೈಕ್ರೋವೇವ್ ಸೇಫ್, ಎಫ್‌ಡಿಎ ಅಪ್ರೂವ್ಡ್, 60 ದಿನದಲ್ಲಿ ಮಣ್ಣಾಗುತ್ತದೆ." ಇದರಲ್ಲಿ ಏಳೆಂಟು ಪದದ ಒಂದು ತುಂಡು ತೆಗೆದು ಡಬಲ್ ಕೋಟ್ ಒಳಗೆ ಹಾಕಿ ಸರ್ಚ್ ಮಾಡಿ ನೋಡಿ. ನಾನು ಮಾಡಿದಾಗ ಅದೇ ಸಾಲು, ಅದೇ ಕಾಮಾ, ಒಂದು ಸ್ಪೆಲ್ಲಿಂಗ್ ತಪ್ಪು ಕೂಡ ಸೇರಿ ಬೇರೆ ಬೇರೆ ಅಂಗಡಿಗಳಲ್ಲಿ ಕಾಣಿಸಿತು. ಅಂದ್ರೆ ಸಪ್ಲೈಯರೂ ಎಲ್ಲಿಂದಲೋ ಎತ್ತಿದ್ದು. ಅವರು "ನೀವು ಹಾಕಿ, ತೊಂದರೆ ಇಲ್ಲ" ಅಂದ್ರೂ ಅವರದ್ದಲ್ಲದ ಬರಹಕ್ಕೆ ಅವರು ಕೊಡುವ ಪರ್ಮಿಷನ್‌ಗೆ ಎಂತ ಬೆಲೆ? ಕಾಪಿರೈಟ್ ಇರುವುದು ಬರೆದ ರೀತಿಗೆ, ಒಳಗಿರುವ ಸಂಗತಿಗೆ ಅಲ್ಲ. ತಟ್ಟೆ ದುಂಡಗಿದೆ, ಕಟ್ಟಲ್ಲಿ 25 ಉಂಟು ಅನ್ನುವುದು ಯಾರ ಸ್ವತ್ತೂ ಅಲ್ಲ, ಅದನ್ನು ಜೋಡಿಸಿದ ವಾಕ್ಯ ಮಾತ್ರ ಇನ್ನೊಬ್ಬರದ್ದು.

ಇಲ್ಲಿ ಹೆಚ್ಚಿನವರು ಮಾಡುವುದು ಎಂತ ಅಂದ್ರೆ, ಆ ಸಾಲನ್ನು ಎದುರಿಟ್ಟುಕೊಂಡು ಪದ ಬದಲಿಸುವುದು. ನಾನೂ ಮೊದಲು ಅದನ್ನೇ ಮಾಡಿದ್ದು. "ಇಕೋ ಫ್ರೆಂಡ್ಲಿ" ಇದ್ದಲ್ಲಿ "ಪರಿಸರಸ್ನೇಹಿ", "ಲೀಕ್ ಪ್ರೂಫ್" ಇದ್ದಲ್ಲಿ "ಒಂದು ಹನಿಯೂ ಸೋರದು", ಎಫ್‌ಡಿಎ ಹಾಗೇ ಉಳೀತು. ನೋಡ್ಲಿಕ್ಕೆ ಹೊಸತು, ಕನ್ನಡದಲ್ಲಿ ಬೇರೆ ಉಂಟು, ಯಾರೂ ಕಾಪಿ ಅನ್ನುವುದಿಲ್ಲ. ಆದರೆ ಕ್ರಮ ಅದೇ, ಹೇಳಿದ್ದು ಅದೇ, ಮೂಲದಲ್ಲಿ ಸುಳ್ಳಿದ್ದರೆ ಅದು ಅಂಗಿ ಬದಲಿಸಿಕೊಂಡು ನನ್ನ ಅಂಗಡಿಗೆ ಬಂದು ಕೂತದ್ದು ಅಷ್ಟೆ. ಮೊದಲಾದರೆ "ಸಪ್ಲೈಯರ್ ಬರೆದದ್ದು" ಅಂತ ಬೆರಳು ತೋರಿಸಬಹುದಿತ್ತು, ಈಗ ವಾಕ್ಯವೂ ನನ್ನದೇ. ಹಾಗೆ ತೋರಿಸಿದ್ರೂ ನಡೀತಿರಲಿಲ್ಲ ಅನ್ನುವುದು ಬೇರೆ ಮಾತು. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮದ ಪ್ರಕಾರ ಜಾಹೀರಾತಲ್ಲಿ ಹೇಳಿದ್ದು ವಸ್ತುವಿನ ನಿಜ ಗುಣಕ್ಕೆ ಸರಿಹೊಂದಬೇಕು, ಅದನ್ನು ನೋಡಿಕೊಳ್ಳುವ ಕೆಲಸ ಮಾರುವವನದ್ದು, ಹೇಳಿದ ಗುಣ ಇಲ್ಲದಿದ್ದರೆ ವಾಪಾಸು ತಗೊಳ್ಳುವುದಿಲ್ಲ ಅನ್ನುವ ಹಾಗೂ ಇಲ್ಲ.

ಹಾಗಾಗಿ ಈಗ ನಾನು ಬರೆಯುವ ಮೊದಲು ವಿವರಣೆಯನ್ನು ಒಡೆದು ಹಾಕ್ತೇನೆ. ಒಂದು ನೋಟ್‌ಬುಕ್ ಪುಟದಲ್ಲಿ ಪ್ರತಿ ಮಾತಿಗೆ ಒಂದು ಸಾಲು, ಪಕ್ಕದಲ್ಲಿ ಒಂದೇ ಪ್ರಶ್ನೆ: ಇದು ನನಗೆ ಹೇಗೆ ಗೊತ್ತು? ಉತ್ತರ ಮೂರೇ ಬಗೆಯದ್ದು ಬರ್ತದೆ. ನಾನೇ ಅಳೆದು ನೋಡಬಹುದಾದದ್ದು, ಸಪ್ಲೈಯರ್ ಕಾಗದ ತೋರಿಸಬೇಕಾದದ್ದು, ಮತ್ತೆ ಯಾರಿಗೂ ಗೊತ್ತಿಲ್ಲದೆ ಸುಮ್ಮನೆ ಹೇಳಿದ್ದು.

ಅಳೆಯುವುದರಿಂದ ಶುರು. ಒಂದು ಕಟ್ಟು ಬಿಚ್ಚಿ ಕಣ್ಣುಮುಚ್ಚಿ 10 ತಟ್ಟೆ ತೆಗೆದೆ, ಚಂದದ್ದನ್ನು ಆರಿಸಿದರೆ ಅಳತೆ ಮಾಡಿ ಪ್ರಯೋಜನ ಇಲ್ಲ. 10 ಇಂಚು ಅಂದ್ರೆ 25.4 ಸೆಂ.ಮೀ. ಆಗಬೇಕು, ನನಗೆ ಸಿಕ್ಕಿದ್ದು 24.4ರಿಂದ 25ರ ವರೆಗೆ, ಒಂದೂ 10 ಇಂಚು ಮುಟ್ಟಲಿಲ್ಲ. ಅದಕ್ಕಿಂತ ದೊಡ್ಡ ವಿಷಯ ಒಳಗಿನ ಸಮತಟ್ಟು ಜಾಗ, ಅದು ಬರೇ 19 ಸೆಂ.ಮೀ. ಆಸುಪಾಸು, ಉಳಿದದ್ದು ಓರೆ ಅಂಚು. ಗಿರಾಕಿ 10 ಇಂಚು ಅಂತ ನೋಡಿ ಜಂಬರದ ಊಟಕ್ಕೆ ತರಿಸಿದ್ರೆ ಅನ್ನ ಸಾರು ಪಲ್ಯ ಇಟ್ಟ ಮೇಲೆ ಹಪ್ಪಳಕ್ಕೆ ಜಾಗ ಇರುವುದಿಲ್ಲ, ಬೈಯುವುದು ನನ್ನನ್ನು. ಆಮೇಲೆ ಪ್ಯಾಕೆಟ್ ವಸ್ತುವಿನ ಅಳತೆ ಮೆಟ್ರಿಕ್‌ನಲ್ಲೇ ಇರಬೇಕು ಅನ್ನುವುದು ಲೀಗಲ್ ಮೆಟ್ರಾಲಜಿ ನಿಯಮ, ಹಾಗಾಗಿ ಸೆಂ.ಮೀ. ಮೊದಲು ಬರೀರಿ.

ಲೀಕ್ ಪ್ರೂಫ್‌ಗೆ ಮೂರು ತಟ್ಟೆಗೆ ಕುದಿ ಇಳಿದ ಸಾರು ಹಾಕಿ, ತಟ್ಟೆಯ ಕೆಳಗೆ ಪೇಪರ್ ಇಟ್ಟು, ಅರ್ಧ ಗಂಟೆ ಬಿಟ್ಟೆ. ಎರಡರ ಕೆಳಗೆ ಪೇಪರ್ ಒಣಗೇ ಇತ್ತು, ಮೂರನೆಯದ್ದರಲ್ಲಿ ನಾರು ಸ್ವಲ್ಪ ಸೀಳಿದ ಕಡೆ ಒದ್ದೆ ಗೆರೆ ಬಂದಿತ್ತು. ಹಾಳೆ ಅಂದ್ರೆ ಹಾಗೇ, ತೊಳೆದು ನೆನೆಸಿ ಬಿಸಿ ಅಚ್ಚಲ್ಲಿ ಒತ್ತಿದ ಒಂದು ನಾರಿನ ವಸ್ತು, ಪ್ರತಿಯೊಂದೂ ಬೇರೆ. ಹಾಗಾದರೆ "ಲೀಕ್ ಪ್ರೂಫ್" ಅನ್ನುವ ಮಾತು ಹೋಯ್ತು, ಬದಲಿಗೆ ನಾನು ಕಂಡದ್ದನ್ನು ಕಂಡ ಹಾಗೆ ಬರೆದೆ. ನನ್ನ ಅನುಭವದಲ್ಲಿ ಹಾಗೆ ಬರೆದರೆ ಗಿರಾಕಿ ಓಡಿ ಹೋಗುವುದಿಲ್ಲ, ಹತ್ತು ತಟ್ಟೆ ಹೆಚ್ಚಿಗೆ ತರಿಸ್ತಾರೆ.

ಎರಡನೇ ಬಗೆಯಲ್ಲಿ ನಮಗೆ ತಲೆನೋವು ಎಫ್‌ಡಿಎ. ಅದು ಆಹಾರ, ಔಷಧಿಯ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ. 2025ರ ಮೇ ತಿಂಗಳಲ್ಲಿ ಅದೇ ಸಂಸ್ಥೆ ಅಡಿಕೆ ಹಾಳೆಯ ತಟ್ಟೆಗಳಿಗೆ ಅಮೆರಿಕದಲ್ಲಿ ಆಹಾರಕ್ಕೆ ತಾಗುವ ವಸ್ತುವಾಗಿ ಅನುಮತಿ ಇಲ್ಲ ಅಂತ ಹೇಳಿತು, ಅಡಿಕೆ ಮರದಲ್ಲಿ ಸಹಜವಾಗಿ ಇರುವ ಆಲ್ಕಲಾಯ್ಡ್ ಅನ್ನುವ ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದು ಅನ್ನುವುದು ಅವರ ಕಾರಣ. ಅಂದ್ರೆ ಸಪ್ಲೈಯರ್ ವಿವರಣೆ ನಿಜದ ಪೂರ್ತಿ ತಲೆಕೆಳಗು! ಇಷ್ಟಾಗಿಯೂ ಆ ಸಾಲು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗ್ತಾ ಉಂಟು, ಕಾಪಿ ಮಾಡುವವರು ಯಾರೂ ಅದನ್ನು ಓದುವುದಿಲ್ಲ. ನಮ್ಮ ಮನೆಯಲ್ಲಿ ಈಗಲೂ ಹಾಳೆ ತಟ್ಟೆಯಲ್ಲೇ ಬಡಿಸ್ತೇವೆ, ಅದು ನಮ್ಮ ತೀರ್ಮಾನ. ಇಲ್ಲದ ಸರ್ಟಿಫಿಕೇಟ್ ಗಿರಾಕಿಗೆ ತೋರಿಸುವುದು ಮಾತ್ರ ಬೇರೆಯೇ ವಿಷಯ. ಇದಕ್ಕೇ ಸೇರಿದ್ದು "ಪಾಮ್ ಲೀಫ್" ಅನ್ನುವ ಹೆಸರು. ಎಲೆ ಅಲ್ಲ ಅದು, ಸೋಗೆಯ ಬುಡದ ಹಾಳೆ, ಪಾಮ್ ಅಂದ್ರೆ ತೆಂಗೋ ತಾಳೆಯೋ ಅಡಿಕೆಯೋ ಗೊತ್ತಾಗುವುದಿಲ್ಲ. ವಿದೇಶಕ್ಕೆ ಕಳಿಸುವವರಿಗೆ, ಅಡಿಕೆ ಬೇಡ ಅನ್ನುವವರಿಗೆ ಆ ಒಂದು ಪದವೇ ಮುಖ್ಯ. ಹಾಗಾಗಿ "ಅಡಿಕೆ ಹಾಳೆ" ಅಂತ ಮೊದಲ ಸಾಲಲ್ಲೇ ಹಾಕಿದೆ.

ಮೈಕ್ರೋವೇವ್, ಕೆಮಿಕಲ್ ಫ್ರೀ ಎರಡಕ್ಕೂ ಟೆಸ್ಟ್ ರಿಪೋರ್ಟ್ ಕಳಿಸಿ ಅಂತ ಕೇಳಿದೆ. "ಎಲ್ಲರೂ ಹಾಕ್ತಾರೆ ಅಕ್ಕ" ಅಂತ ಉತ್ತರ ಬಂತು. ಎರಡನ್ನೂ ತೆಗೆದೆ. ಮನೆಯ ಓವನ್‌ನಲ್ಲಿ ನಾನೇ ಇಟ್ಟು ನೋಡಬಹುದಿತ್ತು, ಆದರೆ ನನ್ನ ಓವನ್‌ನಲ್ಲಿ ಸರಿಯಾದದ್ದು ಬೇರೆಯವರ ಓವನ್‌ಗೆ, ಬೇರೆ ಲಾಟ್‌ಗೆ ಸಾಕ್ಷಿ ಆಗುವುದಿಲ್ಲ. ಸಾರಿನ ಪರೀಕ್ಷೆಗೂ ಇದಕ್ಕೂ ವ್ಯತ್ಯಾಸ ಉಂಟು: ಅಲ್ಲಿ ತಪ್ಪಾದರೆ ಮೇಜು ಒದ್ದೆ ಆಗ್ತದೆ, ಇಲ್ಲಿ ತಪ್ಪಾದರೆ ಬೆಂಕಿ.

ಮೂರನೇ ಬಗೆ "ಇಕೋ ಫ್ರೆಂಡ್ಲಿ" ಮತ್ತೆ 60 ದಿನ. ಪರಿಸರಕ್ಕೆ ಒಳ್ಳೆಯದು ಅಂತ ಸುಳ್ಳು ಹೇಳಿ ಮಾರುವುದಕ್ಕೆ ಗ್ರೀನ್‌ವಾಶಿಂಗ್ ಅಂತಾರೆ, ಅದರ ಬಗ್ಗೆ ಕೇಂದ್ರದ ಗ್ರಾಹಕ ಪ್ರಾಧಿಕಾರ 2024ರಲ್ಲಿ ಮಾರ್ಗಸೂಚಿ ತಂದಿದೆ, ಗ್ರೀನ್, ಇಕೋ ಫ್ರೆಂಡ್ಲಿ ಅನ್ನುವ ಸಾಮಾನ್ಯ ಪದಗಳನ್ನು ಆಧಾರ, ವಿವರಣೆ ಇಲ್ಲದೆ ಬಳಸಬಾರದು ಅಂತ. ಪದ ಬದಲಿಸಿದವರು ಇಲ್ಲಿ ಸಿಕ್ಕಿಬೀಳ್ತಾರೆ, "ಪರಿಸರಸ್ನೇಹಿ"ಯೂ ಅದೇ ತಕ್ಕಡಿಗೆ ಬರ್ತದೆ. 60 ದಿನ ಎಲ್ಲಿ? ಮಳೆಗಾಲದ ತೋಟದ ಗೊಬ್ಬರ ಗುಂಡಿಯಲ್ಲೋ, ಬೆಂಗಳೂರಿನ ಅಪಾರ್ಟ್‌ಮೆಂಟ್ ಕಸದ ಪ್ಲಾಸ್ಟಿಕ್ ಚೀಲದ ಒಳಗೋ? ಸಂಖ್ಯೆ ತೆಗೆದೆ. "ತಾನಾಗಿ ಬಿದ್ದ ಹಾಳೆಯಿಂದ, ಮೇಲೆ ಯಾವ ಪ್ಲಾಸ್ಟಿಕ್ ಪದರವೂ ಇಲ್ಲ" ಅಂತ ಇಟ್ಟೆ. ಹಾಳೆ ಮರದಿಂದ ತಾನಾಗಿ ಬೀಳುವುದು ನಮ್ಮೂರಲ್ಲಿ ಯಾರಿಗೂ ಹೇಳಬೇಕಾದ್ದಿಲ್ಲ, ಪದರ ಇಲ್ಲ ಅನ್ನುವುದನ್ನು ನಾನು ತಟ್ಟೆ ಸೀಳಿ ನೋಡಿದ್ದೇನೆ.

ಇಷ್ಟಾದ ಮೇಲೆ ಸಪ್ಲೈಯರ್ ಮೆಸೇಜನ್ನು ಮುಚ್ಚಿಟ್ಟು ನೋಟ್‌ಬುಕ್ ಮಾತ್ರ ನೋಡಿ ಬರೀಬೇಕು, ಇದೇ ಮುಖ್ಯ ಹೆಜ್ಜೆ. ಮೂಲ ಎದುರಿಗೆ ಇಲ್ಲದಿದ್ದರೆ ಅದರ ಕ್ರಮ ಬರುವುದೇ ಇಲ್ಲ, ಗಿರಾಕಿ ಕೇಳುವ ಕ್ರಮದಲ್ಲಿ ಬರ್ತದೆ. ನನ್ನದು ಹೀಗಾಯ್ತು:

"ಅಡಿಕೆ ಹಾಳೆಯ ದುಂಡು ತಟ್ಟೆ, 25ರ ಕಟ್ಟು. ಅಂಚಿಂದ ಅಂಚಿಗೆ 24.4ರಿಂದ 25 ಸೆಂ.ಮೀ., ಒಳಗಿನ ಸಮತಟ್ಟು ಜಾಗ ಸುಮಾರು 19 ಸೆಂ.ಮೀ. ಇಡ್ಲಿ ವಡೆ, ಪಲಾವ್, ತಿಂಡಿಗೆ ಸರಿ, ಪೂರ್ತಿ ಊಟಕ್ಕೆ ಸಣ್ಣದು. ತಾನಾಗಿ ಬಿದ್ದ ಹಾಳೆಯಿಂದ ಮಾಡಿದ್ದು, ಪ್ಲಾಸ್ಟಿಕ್ ಪದರ ಇಲ್ಲ. ಬಿಸಿ ಸಾರು ಹಾಕಿ ಅರ್ಧ ಗಂಟೆ ಇಟ್ಟಾಗ ಮೂರರಲ್ಲಿ ಒಂದು ತಟ್ಟೆಯ ಅಡಿ ಸ್ವಲ್ಪ ಒದ್ದೆಯಾಯ್ತು, ಸಾರು ಪಾಯಸಕ್ಕೆ ಬೇರೆ ಬಟ್ಟಲು ಇಡಿ. ಬಣ್ಣ ಕೆನೆಯಿಂದ ಕಂದಿನ ವರೆಗೆ, ಗೆರೆ ಕಲೆ ಇರ್ತದೆ. ಒಣಗಿದ ಜಾಗದಲ್ಲಿಡಿ, ತೇವ ಆದರೆ ಬೂಷ್ಟು ಬರ್ತದೆ."

ಕೊನೆಯ ಸಾಲು ಸಪ್ಲೈಯರ್ ವಿವರಣೆಯಲ್ಲಿ ಇರಲೇ ಇಲ್ಲ. ಜುಲೈಯಲ್ಲಿ ಇಲ್ಲಿ ಗೋಡೆಗೇ ಬೂಷ್ಟು ಬರ್ತದೆ, ಹಾಳೆಗೆ ಬಾರದೆ ಇರ್ತದಾ! ಮುಚ್ಚಿಟ್ಟ ಸಂಗತಿ ಕೂಡ ದಾರಿ ತಪ್ಪಿಸ್ತದೆ, ಬರೆದದ್ದು ಅಷ್ಟೂ ನಿಜವೇ ಆಗಿದ್ದರೂ.

ಇನ್ನು ನಾನು ಎರಡನೇ ಸಲ ಎಡವಿದ್ದು. ಒರಿಜಿನಲ್ ಆಗಬೇಕು ಅನ್ನುವ ಹುಮ್ಮಸ್ಸಲ್ಲಿ ಮೊದಲ ಡ್ರಾಫ್ಟಿಗೆ "ಕಾಸರಗೋಡಿನ ನಮ್ಮ ತೋಟದ ಹಾಳೆ" ಅಂತ ಒಂದು ಚಂದದ ಸಾಲು ಸೇರಿಸಿದ್ದೆ. ತಂಗಿ ಓದಿ "ಅಕ್ಕ, ಇದು ಹೊರಗಿನ ಯುನಿಟ್‌ನಿಂದ ಬರುವ ಮಾಲಲ್ವಾ, ನಮ್ಮ ಹಾಳೆ ದನದ ಕೊಟ್ಟಿಗೆಗೆ ಹೋಗ್ತದೆ" ಅಂದಳು. ಎಲ್ಲೂ ಕಾಪಿ ಇಲ್ಲದ, ಸರ್ಚಿಗೂ ಸಿಗದ, ಪೂರ್ತಿ ನನ್ನದೇ ಸುಳ್ಳು ಅದು. ಹಾಗಾಗಿ ಬರೆದಾದ ಮೇಲೆ ಒಂದು ಸಲ ಪ್ರತಿ ವಾಕ್ಯಕ್ಕೆ ನೋಟ್‌ಬುಕ್‌ನಲ್ಲಿ ಸಾಲು ಉಂಟಾ ಅಂತ ಬೆರಳಿಟ್ಟು ನೋಡಿ. ಸಾಲು ಇಲ್ಲದ ವಾಕ್ಯ ನಿಮ್ಮ ಕೈಯಿಂದ ಹೊಸತಾಗಿ ಹುಟ್ಟಿದ್ದು, ಅಲ್ಲೇ ನಿಲ್ಲಿ.

ಫೋಟೋದ ಬಗ್ಗೆ ಚಿಕ್ಕದಾಗಿ: ಅದಕ್ಕೂ ಕಾಪಿರೈಟ್ ಉಂಟು, ಅದೂ ಅಲ್ಲದೆ ಸಪ್ಲೈಯರ್ ಫೋಟೋದ ತಟ್ಟೆ ಹಾಲಿನ ಹಾಗೆ ಬೆಳ್ಳಗೆ. ನಾನು ಜಗಲಿಯ ಬೆಳಕಲ್ಲಿ ಐದು ತಟ್ಟೆ ಸಾಲಾಗಿ ಇಟ್ಟು, ಅತೀ ಕಂದಿದ್ದನ್ನೂ ಸೇರಿಸಿ, ಪಕ್ಕಕ್ಕೆ ಸ್ಕೇಲ್ ಇಟ್ಟು ತೆಗೆದೆ.

ಹೊಸ ಲಾಟ್ ಬಂದಾಗ ಮತ್ತೆ 10 ತಟ್ಟೆ ಅಳೀಬೇಕು. ಕಳೆದ ತಿಂಗಳದ್ದರಲ್ಲಿ ಎರಡು 24 ಸೆಂ.ಮೀ. ಬಂದಿತ್ತು, ಹಾಗೆ ಲಿಸ್ಟಿಂಗಲ್ಲಿ 24.4 ತೆಗೆದು 24 ಮಾಡಿದ್ದೇನೆ.