ಕರೆಂಟು ಹೋದ ಮೇಲೆ ಫ್ರಿಜ್ಜಿನ ತಂಪು ಎಷ್ಟು ಹೊತ್ತು?

ಫ್ರಿಜ್ಜಿನ ಒಳಗೆ 4 ಡಿಗ್ರಿ ಸೆಲ್ಸಿಯಸ್, ಫ್ರೀಜರಿನಲ್ಲಿ ಮೈನಸ್ 18 ಇರಬೇಕು, ಕರೆಂಟು ಹೋದರೂ ಬಾಗಿಲು ತೆರೆಯದಿದ್ದರೆ ನಾಲ್ಕು ತಾಸು ಭಯವಿಲ್ಲ ಎನ್ನುವ ಸಲಹೆಯನ್ನು ಎಲ್ಲರೂ ಓದಿರುತ್ತೇವೆ. ಸಲಹೆಯೇನೋ ಸರಿಯೇ. ಆದರೆ ಆ ನಾಲ್ಕು ತಾಸಿನ ಲೆಕ್ಕ ಹುಟ್ಟಿದ್ದು ಕೋಣೆಯೊಳಗೆ 21–22 ಡಿಗ್ರಿ ಇರುವ ಊರುಗಳಲ್ಲಿ. ಮೇ ತಿಂಗಳ ರಾಯಚೂರಿನಲ್ಲಿ ಮಧ್ಯಾಹ್ನದ ಅಡುಗೆಮನೆಯ ಶಾಖ 40 ದಾಟಿರುತ್ತದೆ. ಫ್ರಿಜ್ಜಿನ ಗೋಡೆಯ ಮೂಲಕ ಒಳಗೆ ನುಗ್ಗುವ ಶಾಖವು ಒಳಗಿನ ಮತ್ತು ಹೊರಗಿನ ತಾಪಮಾನದ ಅಂತರಕ್ಕೆ ತಕ್ಕಂತೆ ಏರುತ್ತದೆ. ಅಲ್ಲಿ ಅಂತರ 17 ಡಿಗ್ರಿ, ಇಲ್ಲಿ 36. ಅಂದರೆ ಶಾಖ ಎರಡು ಪಟ್ಟು ವೇಗವಾಗಿ ಬರುತ್ತದೆ, ನಾಲ್ಕು ತಾಸು ಎರಡಕ್ಕೆ ಇಳಿಯುತ್ತದೆ. ಪತ್ರಿಕೆಯಲ್ಲಿ 'ನಾಳೆ ವಿದ್ಯುತ್ ವ್ಯತ್ಯಯ' ಎಂದು ಬರುವ ಪ್ರಕಟಣೆಯ ಅವಧಿ ಮಾತ್ರ ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ ಇರಬಹುದು.

ಹಾಗಾಗಿ ನಮ್ಮ ಬೇಸಿಗೆಗೆ 4 ಡಿಗ್ರಿಯನ್ನು ಗುರಿ ಎಂದುಕೊಳ್ಳದೆ ಮೇಲಿನ ಗಡಿ ಎಂದುಕೊಳ್ಳಬೇಕು. ಗುರಿ 2ರಿಂದ 3 ಡಿಗ್ರಿ ಇರಲಿ. ಅದಕ್ಕಿಂತ ಕೆಳಗೆ ಹೋದರೆ ಫ್ರೀಜರಿಗೆ ತಾಗಿಕೊಂಡಿರುವ ಸೊಪ್ಪು, ಸೌತೆಕಾಯಿ ಹೆಪ್ಪುಗಟ್ಟಿ ಆಮೇಲೆ ನೀರೊಡೆಯುತ್ತವೆ.

ಈ 2–3 ಡಿಗ್ರಿ ಇದೆಯೋ ಇಲ್ಲವೋ ಎಂಬುದನ್ನು ಗುಂಡಿಯ ಮೇಲಿನ ಅಂಕಿ ಹೇಳುವುದಿಲ್ಲ. ಸಾಮಾನ್ಯ ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ 1ರಿಂದ 7ರವರೆಗಿನ ಆ ಸಂಖ್ಯೆಗಳು ಡಿಗ್ರಿಗಳಲ್ಲ, ಕಂಪ್ರೆಸರ್ ಯಾವ ಹಂತದಲ್ಲಿ ನಿಲ್ಲಬೇಕು ಎನ್ನುವುದರ ಗುರುತುಗಳಷ್ಟೇ. ಬೇಸಿಗೆ ಬಂತೆಂದರೆ 7ಕ್ಕೆ ತಿರುಗಿಸಿ ಮರೆತುಬಿಡುವ ಪದ್ಧತಿ ನಮ್ಮಲ್ಲಿದೆ. ಹಗಲು ಕಂಪ್ರೆಸರ್ ನಿಲ್ಲದೆ ಓಡುತ್ತದೆ, ಫ್ರೀಜರಿನ ಗೋಡೆಗೆ ಹಿಮ ದಪ್ಪಗೆ ಕಟ್ಟುತ್ತದೆ. ಆ ಹಿಮವೇ ಕಂಬಳಿಯಂತಾಗಿ ತಂಪು ಹೊರಗೆ ಬಾರದಂತೆ ತಡೆಯುತ್ತದೆ. ರಾತ್ರಿ ಕೋಣೆ ತಣಿದಾಗ ಅದೇ ಗುಂಡಿ ತರಕಾರಿಯನ್ನು ಹೆಪ್ಪುಗಟ್ಟಿಸುತ್ತದೆ. ಹಿಮ ಅರ್ಧ ಸೆಂಟಿಮೀಟರ್ ದಪ್ಪವಾಯಿತೆಂದರೆ ಕರಗಿಸಿಬಿಡಬೇಕು. ಅಳೆಯುವ ಸರಿಯಾದ ರೀತಿ ಇಷ್ಟೇ: ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ನಡುವಿನ ತಟ್ಟೆಯ ಮೇಲೆ ರಾತ್ರಿ ಇಟ್ಟು, ಬೆಳಿಗ್ಗೆ ಮೊದಲ ಸಲ ಬಾಗಿಲು ತೆರೆದಾಗಲೇ ಓದಬೇಕು. ಗಾಳಿಯಲ್ಲಿ ತೂಗುಬಿಟ್ಟರೆ ಬಾಗಿಲು ತೆರೆದ ಕ್ಷಣವೇ ಅಂಕಿ ಜಿಗಿಯುತ್ತದೆ. ನೀರಿನ ಅಂಕಿ ಆಹಾರದ ಅಂಕಿಗೆ ಹತ್ತಿರವಾಗಿರುತ್ತದೆ. 5 ತೋರಿಸಿದರೆ ಗುಂಡಿಯನ್ನು ಒಂದೇ ಹಂತ ತಿರುಗಿಸಿ, ಇಡೀ ದಿನ ಬಿಟ್ಟು ಮತ್ತೆ ನೋಡಬೇಕು.

ಇನ್ನು ತಂಪು ಎಲ್ಲಿ ಕೂತಿರುತ್ತದೆ ಎಂಬ ಪ್ರಶ್ನೆ. ಇದನ್ನು ಸರಿಯಾಗಿ ತಿಳಿದುಕೊಂಡರೆ ಕರೆಂಟು ಹೋದಾಗ ಮಾಡಬೇಕಾದ್ದೆಲ್ಲ ತಾನಾಗಿ ಹೊಳೆಯುತ್ತದೆ. ಸುಮಾರು 190 ಲೀಟರಿನ, ಒಂದೇ ಬಾಗಿಲಿನ ಫ್ರಿಜ್ಜನ್ನು ತೆಗೆದುಕೊಳ್ಳೋಣ. ಹೊರಗೆ 40 ಡಿಗ್ರಿ ಇದ್ದಾಗ ಇದರ ಗೋಡೆ, ಬಾಗಿಲು ಮತ್ತು ರಬ್ಬರ್ ಪಟ್ಟಿಯ ಮೂಲಕ ಒಂದು ತಾಸಿಗೆ ಹೆಚ್ಚುಕಡಿಮೆ 130 ಕಿಲೋಜೂಲ್ ಶಾಖ ಒಳಗೆ ಬರುತ್ತದೆ ಎಂದು ಅಂದಾಜು ಮಾಡಬಹುದು. ಇದನ್ನೇ ಅಳತೆಗೋಲು ಮಾಡಿಕೊಂಡು ಉಳಿದದ್ದನ್ನು ನೋಡೋಣ. ಬಾಗಿಲು ಪೂರ್ತಿ ತೆರೆದು ಒಳಗಿನ ಗಾಳಿಯೆಲ್ಲ ಬದಲಾಯಿತು ಎಂದೇ ಇಟ್ಟುಕೊಳ್ಳಿ. ಬಯಲುಸೀಮೆಯ ಒಣ ಗಾಳಿಯಾದರೆ ನಷ್ಟ ಆರೇಳು ಕಿಲೋಜೂಲ್, ಅಂದರೆ ಮೂರು ನಿಮಿಷದ ಸೋರಿಕೆಯಷ್ಟು. ಮಂಗಳೂರಿನ ತೇವದ ಗಾಳಿಯಾದರೆ ಅದರ ಎರಡರಷ್ಟು. ಗಾಳಿ ಅಷ್ಟು ಹಗುರ. ಆದರೆ ಖಾಲಿಯಾದ ಒಂದು ಲೀಟರ್ ಬಾಟಲಿಗೆ ಮಧ್ಯಾಹ್ನ ಟ್ಯಾಂಕಿನ 35 ಡಿಗ್ರಿ ನೀರು ತುಂಬಿ ಒಳಗಿಟ್ಟರೆ, ಅದು 3 ಡಿಗ್ರಿಗೆ ಇಳಿಯುವಷ್ಟರಲ್ಲಿ ಸುಮಾರು 130 ಕಿಲೋಜೂಲ್ ಶಾಖವನ್ನು ಒಳಗೆ ಬಿಡುತ್ತದೆ. ಇಡೀ ಒಂದು ತಾಸಿನ ಸೋರಿಕೆ! ನಾಲ್ಕು ಬಾಟಲಿ ತುಂಬಿಟ್ಟ ಮೇಲೆ ಕರೆಂಟು ಹೋದರೆ ಹಾಲಿನ ತಂಪನ್ನು ನೀರು ಕುಡಿಯುತ್ತದೆ. ಮಕ್ಕಳು ಬಾಗಿಲು ತೆರೆದರೆಂದು ಗದರುವ ಮನೆಯಲ್ಲೇ ಈ ಕೆಲಸವೂ ದಿನಾ ನಡೆಯುತ್ತದೆ. ಬಾಟಲಿಗೆ ನೀರು ತುಂಬಿಡುವುದು ರಾತ್ರಿಯ ಕೆಲಸವಾಗಲಿ.

ಅದೇ ನೀರು ರಾತ್ರಿಯೆಲ್ಲ ತಣಿದು ಕೂತಿದ್ದರೆ ಕಥೆ ತಿರುಗುಮುರುಗು. ಎಂಟು–ಹತ್ತು ಕಿಲೋ ಆಹಾರವಿರುವ ಫ್ರಿಜ್ ಕರೆಂಟಿಲ್ಲದೆ ಒಂದೊಂದು ಡಿಗ್ರಿ ಏರಲು ಸುಮಾರು 20 ನಿಮಿಷ ಬೇಕು. 4ರಿಂದ 10 ಡಿಗ್ರಿಗೆ ಎರಡು ತಾಸು ಸಾಕು. 2ರಲ್ಲಿ ಶುರುವಾಗಿದ್ದರೆ ಇನ್ನೊಂದು 40 ನಿಮಿಷ ಸಿಗುತ್ತದೆ. ಅದರ ಜೊತೆ ಹತ್ತು ಲೀಟರ್ ತಣ್ಣನೆಯ ನೀರೂ ಇದ್ದರೆ ಈ ಅವಧಿ ಎರಡರಷ್ಟಾಗುತ್ತದೆ. ಖಾಲಿ ಫ್ರಿಜ್ ಬೇಗ ಬಿಸಿಯಾಗುವುದೂ ಇದೇ ಕಾರಣಕ್ಕೆ.

ನೀರಿಗಿಂತ ದೊಡ್ಡ ಉಗ್ರಾಣ ಮಂಜುಗಡ್ಡೆ. 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋದ ಪ್ರಾಧ್ಯಾಪಕ ಜೋಸೆಫ್ ಬ್ಲ್ಯಾಕ್ ಒಂದು ವಿಚಿತ್ರ ಗಮನಿಸಿದ: ಕರಗುತ್ತಿರುವ ಮಂಜುಗಡ್ಡೆಗೆ ಎಷ್ಟು ಶಾಖ ಕೊಟ್ಟರೂ ಥರ್ಮಾಮೀಟರ್ ಸೊನ್ನೆ ಬಿಟ್ಟು ಅಲುಗುವುದಿಲ್ಲ. ಕೊಟ್ಟ ಶಾಖವೆಲ್ಲ ಕರಗುವುದಕ್ಕೇ ಖರ್ಚಾಗುತ್ತದೆ. ಒಂದು ಕಿಲೋ ಮಂಜುಗಡ್ಡೆ ಬರೀ ನೀರಾಗಲು ನುಂಗುವ 334 ಕಿಲೋಜೂಲಿನಲ್ಲಿ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು. 1833ರಲ್ಲಿ ಬಾಸ್ಟನ್ನಿನಿಂದ ಹೊರಟ ಟಸ್ಕನಿ ಎಂಬ ಹಡಗು 180 ಟನ್ ಮಂಜುಗಡ್ಡೆ ಹೊತ್ತು ನಾಲ್ಕು ತಿಂಗಳ ಪಯಣದ ನಂತರ ಕಲ್ಕತ್ತಾ ಮುಟ್ಟಿದಾಗ ಸುಮಾರು 100 ಟನ್ ಉಳಿದಿತ್ತು. ಯಂತ್ರವಿಲ್ಲ, ಕರೆಂಟಿಲ್ಲ. ಒತ್ತೊತ್ತಾಗಿ ಜೋಡಿಸಿದ ಮಂಜುಗಡ್ಡೆ, ಸುತ್ತ ಶಾಖ ತಡೆಯುವ ಹೊದಿಕೆ, ಅಷ್ಟೇ. ಹಾಗೆ ಬಂದ ಮಂಜುಗಡ್ಡೆಯನ್ನು ಇಡಲು ಮದರಾಸಿನ ಕಡಲ ದಂಡೆಯಲ್ಲಿ ಕಟ್ಟಿದ ಐಸ್ ಹೌಸ್ ಈಗಲೂ ನಿಂತಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದದ್ದು ಅದೇ ಕಟ್ಟಡದಲ್ಲಿ.

ಹಡಗಿನವರು ತಿಳಿದಿದ್ದ ಆ ಎರಡನೆಯ ಅರ್ಧವನ್ನು, ಅಂದರೆ ಹೊದಿಕೆಯನ್ನು, ನಾವು ಮರೆಯುತ್ತೇವೆ. ಎರಡು ಕಿಲೋ ಮಂಜುಗಡ್ಡೆಯ ಬಾಟಲಿಗಳನ್ನು ಫ್ರಿಜ್ಜಿನೊಳಗೆ ಸುಮ್ಮನೆ ನಿಲ್ಲಿಸಿದರೆ ಲೆಕ್ಕದ ಪ್ರಕಾರ ಐದು ತಾಸಿನ ಸೋರಿಕೆ ನುಂಗಬೇಕು. ನಿಜದಲ್ಲಿ ನುಂಗುವುದಿಲ್ಲ. ನಿಂತ ಗಾಳಿಯಿಂದ ಬಾಟಲಿಯ ಮೈಗೆ ಶಾಖ ತೀರಾ ನಿಧಾನವಾಗಿ ದಾಟುವುದರಿಂದ, ಬಾಟಲಿಯೊಳಗೆ ಗಡ್ಡೆ ಇನ್ನೂ ಗಟ್ಟಿಯಾಗಿದ್ದರೂ ಪಕ್ಕದ ತಟ್ಟೆಯ ಹಾಲು 12 ಡಿಗ್ರಿ ಮುಟ್ಟಿರಬಹುದು. ಇಡೀ ಫ್ರಿಜ್ಜನ್ನು ಉಳಿಸಲು ಹೋಗಬಾರದು. ಕೆಡುವ ನಾಲ್ಕೈದು ಪದಾರ್ಥಗಳನ್ನು ಉಳಿಸಿದರೆ ಸಾಕು.

ಮಾಡುವ ಕ್ರಮ ಹೀಗೆ. ಹಿಂದಿನ ದಿನವೇ ಅರ್ಧ ಲೀಟರಿನ ನಾಲ್ಕು ಬಾಟಲಿಗಳಿಗೆ ಮೇಲೆ ಎರಡು ಬೆರಳು ಜಾಗ ಬಿಟ್ಟು ನೀರು ತುಂಬಿ ಫ್ರೀಜರಿನಲ್ಲಿಡಿ. ಹೆಪ್ಪುಗಟ್ಟಿದ ನೀರು ಶೇಕಡಾ 9ರಷ್ಟು ಹಿಗ್ಗುವುದರಿಂದ ಜಾಗ ಬಿಡದಿದ್ದರೆ ಬಾಟಲಿ ಸೀಳುತ್ತದೆ. ಕರೆಂಟು ಹೋಗುವ ಸ್ವಲ್ಪ ಮುಂಚೆ ಒಂದು ಥರ್ಮಾಕೋಲ್ ಡಬ್ಬಿಯಲ್ಲಿ ಕೆಳಗೆ ಎರಡು ಬಾಟಲಿ ಮಲಗಿಸಿ, ಅದರ ಮೇಲೆ ಹಾಲಿನ ಪಾಕೀಟು, ಮಾಂಸ, ಅನ್ನ–ಸಾರಿನ ಡಬ್ಬಿಗಳನ್ನು ತಾಗುವಂತೆ ಒತ್ತಿಟ್ಟು, ಮೇಲೆ ಉಳಿದೆರಡು ಬಾಟಲಿ ಹೇರಿ ಮುಚ್ಚಳ ಹಾಕಿ. ಆ ಡಬ್ಬಿಯನ್ನು ಫ್ರಿಜ್ಜಿನ ಒಳಗೇ ಇಡಿ. ಈಗ ಅದರ ಸುತ್ತ ಎರಡು ಗೋಡೆ. ಫ್ರಿಜ್ಜಿನ ಗಾಳಿ 14 ಡಿಗ್ರಿಗೆ ಏರಿದರೂ ಡಬ್ಬಿಯೊಳಗೆ ತಾಸಿಗೆ ಬರುವ ಶಾಖ ಇಪ್ಪತ್ತು–ಇಪ್ಪತ್ತೈದು ಕಿಲೋಜೂಲ್ ಮಾತ್ರ. ಹನ್ನೊಂದರಿಂದ ಐದರವರೆಗಿನ ಆರು ತಾಸಿಗೆ ಅರ್ಧ ಕಿಲೋ ಮಂಜುಗಡ್ಡೆಯೂ ಪೂರ್ತಿ ಕರಗುವುದಿಲ್ಲ. ಡಬ್ಬಿಗೆ ಸೇರದ ತರಕಾರಿ, ಉಪ್ಪಿನಕಾಯಿ, ಬೆಣ್ಣೆ ಆ 14 ಡಿಗ್ರಿಯನ್ನು ಆರಾಮವಾಗಿ ತಾಳಿಕೊಳ್ಳುತ್ತವೆ.

ಫ್ರೀಜರಿನ ಸಾಮಾನಿಗೆ ಈ ನೀರಿನ ಗಡ್ಡೆ ಸಾಲದು. ಅದು ಕರಗುವುದು ಸೊನ್ನೆಯಲ್ಲಿ, ಮೀನು–ಮಾಂಸ ಕರಗಲು ಶುರುವಾಗುವುದು ಮೈನಸ್ 1–2ರಲ್ಲೇ. ಬಾಟಲಿ ಕಲ್ಲಿನಂತಿದ್ದರೂ ಪಕ್ಕದ ಬಂಗುಡೆ ಮೆತ್ತಗಾಗಿರುತ್ತದೆ. ಲೀಟರ್ ನೀರಿಗೆ 100 ಗ್ರಾಂ ಉಪ್ಪು ಕದಡಿದರೆ ಗಡ್ಡೆಯು ಮೈನಸ್ 6ರೊಳಗೇ ಕರಗುತ್ತಾ ಮೀನನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಕುಡಿಯದಂತೆ ಬಾಟಲಿಗೆ ಗುರುತು ಹಾಕಿ. ಇದಕ್ಕೆ ಫ್ರೀಜರ್ ಸಾಕಷ್ಟು ತಣ್ಣಗಿರಬೇಕು. ಫ್ರೀಜರಿನ ಬಾಗಿಲ ಮೇಲೆ ಹಿಮದ ನಕ್ಷತ್ರಗಳಿದ್ದರೆ ನೋಡಿ: ಒಂದಿದ್ದರೆ ಮೈನಸ್ 6, ಎರಡಕ್ಕೆ ಮೈನಸ್ 12, ಮೂರಕ್ಕೆ ಮೈನಸ್ 18. ವಿದ್ಯುತ್ ಉಳಿತಾಯದ ಐದು ನಕ್ಷತ್ರದ ಚೀಟಿಗೂ ಇದಕ್ಕೂ ಸಂಬಂಧವಿಲ್ಲ. ಒಂದು ನಕ್ಷತ್ರದ ಪೆಟ್ಟಿಗೆಯಲ್ಲಿ ಮೀನನ್ನು ತಿಂಗಳುಗಟ್ಟಲೆ ಇಡಬಾರದು.

ಕರೆಂಟು ಬಂದ ಮೇಲೆ ಏನನ್ನು ಇಟ್ಟುಕೊಳ್ಳಬೇಕು ಎಂಬುದನ್ನು ಮೂಗು ತೀರ್ಮಾನಿಸಬಾರದು. ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾಗಳೇ ಬೇರೆ, ವಾಂತಿ ಬರಿಸುವವೇ ಬೇರೆ. 'ಮತ್ತೊಮ್ಮೆ ಕುದಿಸಿದರೆ ಆಯಿತು' ಎಂಬ ನಂಬಿಕೆಯಂತೂ ಅಪಾಯಕಾರಿ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಉಗುಳುವ ಒಂದು ವಿಷ ಪ್ರೆಶರ್ ಕುಕ್ಕರಿನ ಶಾಖಕ್ಕೂ ಒಡೆಯುವುದಿಲ್ಲ. ಬೆಚ್ಚಗಾದ ಬಂಗುಡೆ, ಬೂತಾಯಿಗಳಲ್ಲಿ ಸೇರಿಕೊಳ್ಳುವ ಹಿಸ್ಟಮಿನ್ ಕೂಡ ಕುದಿಸಿದರೆ ಹೋಗುವುದಿಲ್ಲ. ಬ್ಯಾಕ್ಟೀರಿಯಾ ಸತ್ತರೂ ಅದು ಬಿಟ್ಟದ್ದು ಸಾರಿನಲ್ಲೇ ಇರುತ್ತದೆ. ಲೋಟದ ಥರ್ಮಾಮೀಟರ್ 5ರ ಒಳಗಿದ್ದರೆ ಎಲ್ಲವನ್ನೂ ಉಳಿಸಿಕೊಳ್ಳಿ. ಅನ್ನ, ಮಾಂಸ, ಮೀನು, ಪಾಕೀಟು ತೆರೆದ ಹಾಲು ಎರಡು ತಾಸಿಗಿಂತ ಹೆಚ್ಚು 5ರ ಮೇಲೆ ಇದ್ದವೆಂದರೆ ಚೆಲ್ಲಿ. ಫ್ರೀಜರಿನದ್ದರಲ್ಲಿ ಮಂಜಿನ ಹರಳು ಇನ್ನೂ ಕೈಗೆ ಸಿಗುತ್ತಿದ್ದರೆ ಮತ್ತೆ ಹೆಪ್ಪುಗಟ್ಟಿಸಬಹುದು, ರುಚಿ ಸ್ವಲ್ಪ ತಗ್ಗುತ್ತದೆ ಅಷ್ಟೇ.

ಕರೆಂಟು ಬಂದ ಕೂಡಲೇ ಫ್ರಿಜ್ 'ಗುಂಯ್' ಎಂದು ಮುಕ್ಕಿ 'ಟಕ್' ಎಂದು ನಿಂತರೆ ವೋಲ್ಟೇಜ್ ಸಾಲುತ್ತಿಲ್ಲ, ಇಲ್ಲವೇ ಕೊಳವೆಯೊಳಗಿನ ಒತ್ತಡ ಇನ್ನೂ ಸಮವಾಗಿಲ್ಲ ಎಂದರ್ಥ. ಸ್ವಿಚ್ ಆರಿಸಿ ಐದು ನಿಮಿಷ ಬಿಟ್ಟು ಹಾಕಿ. ತಡಮಾಡಿ ಚಾಲೂ ಮಾಡುವ ಸ್ಟೆಬಿಲೈಸರ್ ಇದ್ದರೆ ಈ ಕೆಲಸ ತಾನೇ ಆಗುತ್ತದೆ. ಬಾಟಲಿಗಳನ್ನು ಕೂಡಲೇ ಫ್ರೀಜರಿಗೆ ಮರಳಿಸಿ. ಪೂರ್ತಿ ಕರಗಿದ ಎರಡು ಕಿಲೋ ನೀರು ಆ ಸಣ್ಣ ಪೆಟ್ಟಿಗೆಯಲ್ಲಿ ಮತ್ತೆ ಗಟ್ಟಿಯಾಗಲು ಇಡೀ ರಾತ್ರಿ ಬೇಕು, ಕರೆಂಟು ಬಂದು ಹೋಗಿ ಮಾಡಿದರೆ ಇನ್ನೂ ಹೆಚ್ಚು. ದಿನವೂ ಕರೆಂಟು ತೆಗೆಯುವ ಊರಿನಲ್ಲಿ ನಾಲ್ಕಲ್ಲ, ಎಂಟು ಬಾಟಲಿ ಇಟ್ಟುಕೊಂಡು ಸರದಿಯ ಮೇಲೆ ಬಳಸಬೇಕು.