ಎರಡು ಹಕ್ಕಿಗಳ ಮಂತ್ರ: ಒಂದೇ ಮಾತಿಗೆ ಶಂಕರರು, ಮಧ್ವರು ಬೇರೆ ಬೇರೆ ಅರ್ಥ ಹೇಳಿದ್ದೇಕೆ?

ಪ್ರಶ್ನೆ: ಸಂಸ್ಕೃತ ಅದೇ, ವ್ಯಾಕರಣವೂ ಅದೇ. ಹಾಗಿದ್ದೂ ಒಂದೇ ಮಂತ್ರ ಒಬ್ಬರಿಗೆ ಅದ್ವೈತವನ್ನೂ ಇನ್ನೊಬ್ಬರಿಗೆ ದ್ವೈತವನ್ನೂ ಹೇಳುವುದು ಹೇಗೆ? ಯಾರಾದರೂ ಒಬ್ಬರು ಅರ್ಥವನ್ನು ಎಳೆದಾಡಿರಬೇಕಲ್ಲವೇ?

ಉತ್ತರ: ಹಾಗೆ ಅನ್ನಿಸುವುದು ಸಹಜ. ಆದರೆ ಭಾಷ್ಯಗಳನ್ನು ತೆರೆದು ನೋಡಿದರೆ ಜಗಳ ಪದಗಳ ಅರ್ಥದಲ್ಲಿ ತೀರಾ ಕಡಿಮೆ. ಮುಂಡಕೋಪನಿಷತ್ತಿನ ಮೂರನೆಯ ಮುಂಡಕ ಶುರುವಾಗುವ ಮಂತ್ರವನ್ನೇ ನೋಡೋಣ. ಇದು ಋಗ್ವೇದದಲ್ಲೂ ಶ್ವೇತಾಶ್ವತರ ಉಪನಿಷತ್ತಿನಲ್ಲೂ ಇದೆ.

ದ್ವಾ ಸುಪರ್ಣಾ ಸಯುಜಾ ಸಖಾಯಾ ಸಮಾನಂ ವೃಕ್ಷಂ ಪರಿಷಸ್ವಜಾತೇ |
ತಯೋರನ್ಯಃ ಪಿಪ್ಪಲಂ ಸ್ವಾದ್ವತ್ತ್ಯನಶ್ನನ್ನನ್ಯೋ ಅಭಿಚಾಕಶೀತಿ ||

ಸದಾ ಜೊತೆಗಿರುವ ಎರಡು ಗೆಳೆಯ ಹಕ್ಕಿಗಳು ಒಂದೇ ಮರವನ್ನು ಅಪ್ಪಿಕೊಂಡಿವೆ. ಒಂದು ರುಚಿಯಾದ ಹಣ್ಣನ್ನು ತಿನ್ನುತ್ತದೆ, ಇನ್ನೊಂದು ತಿನ್ನದೆ ಸುಮ್ಮನೆ ನೋಡುತ್ತಿರುತ್ತದೆ. ಇಷ್ಟರ ಮಟ್ಟಿಗೆ ಯಾರದೂ ತಕರಾರಿಲ್ಲ.

ದ್ವೈತಿಗಳಿಗೆ ಇಲ್ಲಿ ವಿವರಿಸಲು ಕಷ್ಟಪಡಬೇಕಾದ್ದೇ ಇಲ್ಲ. ತಿನ್ನುವುದು ಕರ್ಮಫಲ ಉಣ್ಣುವ ಜೀವ, ನೋಡುವುದು ಪರಮಾತ್ಮ. ‘ಎರಡು’ ಎಂದು ಶ್ರುತಿಯೇ ಎಣಿಸಿದೆ, ‘ಅನ್ಯ’ ಎಂದು ಎರಡು ಸಲ ಹೇಳಿದೆ. ಮುಂದಿನ ಮಂತ್ರದಲ್ಲಿ ‘ಅನ್ಯಮೀಶಮ್’ ಎಂದು ಮತ್ತೊಮ್ಮೆ ಬರುತ್ತದೆ.

ಶಂಕರರೂ ಮುಂಡಕಭಾಷ್ಯದಲ್ಲಿ ಒಂದು ಹಕ್ಕಿ ಜೀವ, ಇನ್ನೊಂದು ಈಶ್ವರ ಎಂದೇ ಬರೆಯುತ್ತಾರೆ. ಅವರು ಸೇರಿಸುವುದು ಒಂದೇ ಮಾತು: ಆ ಜೀವ ಸೂಕ್ಷ್ಮಶರೀರವೆಂಬ ಉಪಾಧಿಗೆ, ಅಂದರೆ ಹೊರಗಿನಿಂದ ಅಂಟಿದ ಮಿತಿಗೆ, ಸಿಕ್ಕಿದ್ದು, ಅದು ತಿನ್ನುವುದು ಅವಿವೇಕದಿಂದ. ಎರಡಾಗಿ ಕಾಣುವುದು ಉಪಾಧಿಯಿಂದ ಎಂದಾಯಿತು. ಬ್ರಹ್ಮಸೂತ್ರಭಾಷ್ಯದಲ್ಲಿ (1.2.12) ಅವರು ಇನ್ನೊಂದು ಪಕ್ಷವನ್ನೂ ಮುಂದಿಡುತ್ತಾರೆ. ಪೈಂಗಿರಹಸ್ಯ ಬ್ರಾಹ್ಮಣದ ಪ್ರಕಾರ ತಿನ್ನುವ ಹಕ್ಕಿ ಬುದ್ಧಿ, ನೋಡುವುದು ಕ್ಷೇತ್ರಜ್ಞ, ಅಂದರೆ ಶರೀರವನ್ನು ಅರಿಯುವ ಚೇತನ. ಜಡವಾದ ಬುದ್ಧಿ ತಿನ್ನುವುದೆಂತು ಎಂದು ಅಲ್ಲೇ ಆಕ್ಷೇಪ ಬರುತ್ತದೆ. ಜಡ ತಿನ್ನುತ್ತದೆ ಎನ್ನುವುದು ಶ್ರುತಿಯ ಉದ್ದೇಶವಲ್ಲ, ಚೇತನ ಭೋಕ್ತೃವಲ್ಲ ಎನ್ನುವುದೇ ಉದ್ದೇಶ ಎಂದು ಉತ್ತರ. ಒಬ್ಬರೇ ಆಚಾರ್ಯರ ಗ್ರಂಥಗಳಲ್ಲಿ ಒಂದೇ ಮಂತ್ರಕ್ಕೆ ಎರಡು ವಿವರಣೆ ಸಿಗುವುದನ್ನು ಬಹಳ ಮಂದಿ ಗಮನಿಸುವುದಿಲ್ಲ.

ಹಾಗಾದರೆ ನಿಜವಾದ ಭಿನ್ನಾಭಿಪ್ರಾಯ ಎಲ್ಲಿದೆ? ನನ್ನ ಮಟ್ಟಿಗೆ ಎರಡು ಕಡೆ.

ಮೊದಲನೆಯದು, ವೇದ ಯಾವುದನ್ನು ಹೇಳಬೇಕು ಎಂಬುದು. ಬೇರೆ ಪ್ರಮಾಣದಿಂದ ತಿಳಿಯದ್ದನ್ನು ತಿಳಿಸಿದರೆ ಮಾತ್ರ ಶ್ರುತಿಗೆ ಬೆಲೆ ಎಂದು ಇಬ್ಬರೂ ಒಪ್ಪುತ್ತಾರೆ. ಅದ್ವೈತಿ ಹೇಳುತ್ತಾನೆ: ಭೇದ ಎಲ್ಲರಿಗೂ ಕಣ್ಣೆದುರೇ ಇದೆ. ಶ್ರುತಿ ಅದನ್ನು ಹೇಳಿದರೆ ಗೊತ್ತಿದ್ದುದನ್ನೇ ಮತ್ತೆ ಹೇಳಿದಂತೆ ಅಷ್ಟೆ. ಅದರ ತಾತ್ಪರ್ಯ ಗೊತ್ತಿಲ್ಲದ ಅಭೇದದಲ್ಲಿ ಇರಬೇಕು. ದ್ವೈತಿಯ ಮರುಮಾತು ನೇರವಾಗಿದೆ: ಮಡಕೆಗೂ ಬಟ್ಟೆಗೂ ಇರುವ ಭೇದ ಕಣ್ಣಿಗೆ ಕಾಣುತ್ತದೆ, ನಿಜ. ಆದರೆ ಈಶ್ವರನೇ ಕಣ್ಣಿಗೆ ಕಾಣದಿರುವಾಗ ಅವನಿಂದ ನನಗಿರುವ ಭೇದ ಕಾಣುವುದು ಹೇಗೆ? ಅದನ್ನು ಶ್ರುತಿಯೇ ಹೇಳಬೇಕು. ಈ ಮರುಮಾತು ಬಹಳ ಗಟ್ಟಿಯಾದದ್ದು. ಅದ್ವೈತ ಗ್ರಂಥಗಳು ಇದಕ್ಕೆ ಉತ್ತರ ಕೊಡಲು ಪುಟಗಟ್ಟಲೆ ಶ್ರಮಿಸಿವೆ.

ಎರಡನೆಯದು, ಪ್ರಕರಣ, ಅಂದರೆ ಒಂದೇ ವಿಷಯ ನಡೆಯುವ ಭಾಗ, ಎಲ್ಲಿಂದ ಎಲ್ಲಿಗೆ ಎಂಬುದು. ತಾತ್ಪರ್ಯ ನಿರ್ಣಯಕ್ಕೆ ಆರಂಭ ಮತ್ತು ಮುಕ್ತಾಯ ಎಂಬ ಉಪಕ್ರಮ-ಉಪಸಂಹಾರ, ಮತ್ತೆ ಮತ್ತೆ ಹೇಳುವ ಅಭ್ಯಾಸ, ಹೊಸದನ್ನು ತಿಳಿಸುವ ಅಪೂರ್ವತೆ ಮುಂತಾದ ಆರು ಲಿಂಗಗಳನ್ನು, ಅಂದರೆ ಗುರುತುಗಳನ್ನು, ಎರಡೂ ಪರಂಪರೆಗಳು ಬಳಸುತ್ತವೆ. ದ್ವೈತ ಆಚಾರ್ಯ ವ್ಯಾಸತೀರ್ಥರು ‘ನ್ಯಾಯಾಮೃತ’ದಲ್ಲಿ ಈ ಮಂತ್ರಭಾಗಕ್ಕೆ ಅವನ್ನೇ ಹಚ್ಚುತ್ತಾರೆ. ‘ದ್ವಾ ಸುಪರ್ಣಾ’ ಉಪಕ್ರಮ, ಎರಡು ಮಂತ್ರಗಳ ಆಚೆ ಬರುವ ‘ಪರಮಂ ಸಾಮ್ಯಮುಪೈತಿ’ ಉಪಸಂಹಾರ, ಮತ್ತೆ ಮತ್ತೆ ಬರುವ ‘ಅನ್ಯ’ ಅಭ್ಯಾಸ. ಸಾಮ್ಯ ಎಂದರೆ ಹೋಲಿಕೆ. ಹೋಲಿಕೆಗೆ ಎರಡು ಬೇಕೇ ಬೇಕು. ಲೆಕ್ಕ ಭೇದದ ಕಡೆಗೇ ಕೂಡುತ್ತದೆ.

ಅದ್ವೈತಿಯ ಉಪಕ್ರಮ ಇನ್ನೂ ಹಿಂದಿದೆ. ಮೊದಲ ಮುಂಡಕದಲ್ಲಿ ಶೌನಕ ಅಂಗಿರಸನನ್ನು ‘ಯಾವುದನ್ನು ತಿಳಿದರೆ ಇದೆಲ್ಲವೂ ತಿಳಿದಂತಾಗುತ್ತದೆ?’ ಎಂದು ಕೇಳುತ್ತಾನೆ. ಕೊನೆಯ ಖಂಡದಲ್ಲಿ ‘ಬ್ರಹ್ಮ ವೇದ ಬ್ರಹ್ಮೈವ ಭವತಿ’, ಬ್ರಹ್ಮವನ್ನು ತಿಳಿದವನು ಬ್ರಹ್ಮವೇ ಆಗುತ್ತಾನೆ, ಎಂದು ಬರುತ್ತದೆ. ಈ ಎರಡರ ನಡುವೆ ಇಟ್ಟರೆ ಹಕ್ಕಿಗಳ ಮಂತ್ರ ದಾರಿಯಲ್ಲಿ ಬರುವ ಒಂದು ಮೆಟ್ಟಿಲು ಮಾತ್ರ. ‘ಸಾಮ್ಯ’ವನ್ನೂ ಶಂಕರರು ಬಿಟ್ಟುಬಿಡುವುದಿಲ್ಲ. ಎರಡಿರುವಲ್ಲಿನ ಸಾಮ್ಯಗಳೆಲ್ಲ ಕೆಳಗಿನವು, ಇಲ್ಲಿ ‘ಪರಮ’ ಎಂಬ ವಿಶೇಷಣ ಇರುವುದರಿಂದ ಇದು ಅದ್ವಯರೂಪದ್ದು ಎನ್ನುತ್ತಾರೆ.

ಎಳೆದಾಟವೇ ಇಲ್ಲ ಎಂದು ನಾನು ಹೇಳಲಾರೆ. ‘ಸಾಮ್ಯ’ದಲ್ಲಿ ಅದ್ವೈತ ತುಸು ಬಾಗಬೇಕಾಗುತ್ತದೆ, ‘ಬ್ರಹ್ಮೈವ’ ಎನ್ನುವಲ್ಲಿ ದ್ವೈತ. ಆದರೆ ಅಲ್ಲೂ ಕಾರಣ ಕೊಡದೆ ಯಾರೂ ಮುಂದೆ ಹೋಗುವುದಿಲ್ಲ. ದ್ವೈತಿಗಳು ಆ ವಾಕ್ಯವನ್ನು ಪೂರ್ತಿ ಓದಿ ಎನ್ನುತ್ತಾರೆ: ‘ಪರಮಂ ಬ್ರಹ್ಮ ವೇದ ಬ್ರಹ್ಮೈವ ಭವತಿ’. ತಿಳಿಯಬೇಕಾದ್ದಕ್ಕೆ ‘ಪರಮ’ ಎಂದಿದೆ, ಆಗುವುದಕ್ಕೆ ಆ ವಿಶೇಷಣ ಇಲ್ಲ. ಆದ್ದರಿಂದ ಜ್ಞಾನಿ ತನ್ನ ಯೋಗ್ಯತೆಗೆ ತಕ್ಕಂತೆ ಪೂರ್ಣನಾಗುತ್ತಾನೆಯೇ ಹೊರತು ಪರಬ್ರಹ್ಮನೇ ಆಗುವುದಿಲ್ಲ ಎಂಬುದು ಅವರ ನಿಲುವು.